ಜಾಹೀರಾತಿನ ಕೀವರ್ಡ್ ಕೇಳಿದ್ದಕ್ಕೆ ಲಿಸ್ಟಿಂಗ್ ಉತ್ತರ ಕೊಡುತ್ತಿದೆಯಾ?

ಅಮೆಜಾನ್‌ನಲ್ಲಿ ಮಾರುವವರು ಸಾಮಾನ್ಯವಾಗಿ ಹೇಳುವ ಮಾತಿನಿಂದಲೇ ಶುರು ಮಾಡುತ್ತೇನೆ. "ಜಾಹೀರಾತಿಗೆ ಕ್ಲಿಕ್ ಬರ್ತಿದೆ, ದುಡ್ಡು ಹೋಗ್ತಿದೆ, ಆರ್ಡರ್ ಬರ್ತಿಲ್ಲ." ಇದಾದ ಮೇಲೆ ಹೆಚ್ಚಿನವರು ಮಾಡುವ ಕೆಲಸ ಒಂದೇ. ಬಿಡ್, ಅಂದರೆ ಒಂದು ಕ್ಲಿಕ್ಕಿಗೆ ಕೊಡಲು ಒಪ್ಪಿದ ದರ, ಇಳಿಸುತ್ತಾರೆ, ಇಲ್ಲವೇ ಜಾಹೀರಾತನ್ನೇ ನಿಲ್ಲಿಸುತ್ತಾರೆ. ಗಿರಾಕಿ ಯಾವ ಪದ ಟೈಪ್ ಮಾಡಿ ಬಂದ, ಬಂದವನಿಗೆ ನಮ್ಮ ಪುಟದಲ್ಲಿ ಏನು ಕಾಣಿಸಿತು ಅಂತ ಎರಡನ್ನೂ ಜೊತೆಗಿಟ್ಟು ನೋಡುವವರು ಕಡಿಮೆ. ಇವತ್ತು ನಾನು ಮಾತಾಡುವುದು ಅದೊಂದರ ಬಗ್ಗೆಯೇ.

ಮೊದಲು ಒಂದು ವಿಷಯ ಮನಸ್ಸಿನಲ್ಲಿಟ್ಟುಕೊಳ್ಳಿ. ಸ್ಪಾನ್ಸರ್ಡ್ ಪ್ರಾಡಕ್ಟ್ಸ್ ಅನ್ನುವ ಜಾಹೀರಾತಿಗೆ ಅದರದ್ದೇ ಆದ ಬರಹ ಇಲ್ಲ. ಪತ್ರಿಕೆಯ ಜಾಹೀರಾತಾದರೆ ನೀವೇ ಸಾಲು ಬರೆಯುತ್ತೀರಿ, ಚಿತ್ರ ಆರಿಸುತ್ತೀರಿ. ಇಲ್ಲಿ ಹಾಗಲ್ಲ. ನಿಮ್ಮ ಲಿಸ್ಟಿಂಗ್‌ನಲ್ಲಿ, ಅಂದರೆ ಮಾಲಿನ ಪುಟದಲ್ಲಿ, ಇರುವ ಮೊದಲ ಫೋಟೋ, ಶೀರ್ಷಿಕೆ, ಬೆಲೆ, ಸ್ಟಾರ್, ಯಾವಾಗ ತಲುಪುತ್ತದೆ ಅನ್ನುವ ದಿನಾಂಕ ಇವನ್ನೇ ಅಮೆಜಾನ್ ಎತ್ತಿ ತೋರಿಸುತ್ತದೆ. ಒಂದೇ ಶೀರ್ಷಿಕೆ, ಒಂದೇ ಫೋಟೋ ನೂರು ಬೇರೆ ಬೇರೆ ಹುಡುಕಾಟಗಳ ಎದುರು ನಿಲ್ಲುತ್ತದೆ. ಯಾವ ಹುಡುಕಾಟದ ಎದುರು ನಿಲ್ಲಬೇಕು ಅನ್ನುವುದನ್ನು ಕೀವರ್ಡ್ ಮೂಲಕ ಹೇಳುತ್ತೀರಿ. ನಿಂತಾಗ ಏನು ಕಾಣಬೇಕು ಅನ್ನುವುದನ್ನು ಲಿಸ್ಟಿಂಗ್ ಹೇಳುತ್ತದೆ. ಕೀವರ್ಡ್ ನೋಡುವವರು ಒಬ್ಬರು, ಲಿಸ್ಟಿಂಗ್ ಬರೆದವರು ಇನ್ನೊಬ್ಬರು ಆಗಿದ್ದಾಗ ಈ ಎರಡರ ನಡುವೆ ಹೊಂದಿಕೆ ತಪ್ಪುತ್ತದೆ.

ಒಂದು ಉದಾಹರಣೆ ತೆಗೆದುಕೊಂಡು ಕೊನೆವರೆಗೂ ಅದನ್ನೇ ನೋಡೋಣ. ಬೀಡಿನ ದೋಸೆ ಕಾವಲಿ, ಅಂದರೆ ಕಾಸ್ಟ್ ಐರನ್ ದೋಸೆ ತವಾ. ಹನ್ನೆರಡು ಇಂಚು, ಎರಡೂವರೆ ಕಿಲೋ ಚಿಲ್ಲರೆ ತೂಕ. ಎರಡು ಬದಿಗೂ ಹಿಡಿ, ಮೊದಲೇ ಎಣ್ಣೆ ಹಾಕಿ ಪಳಗಿಸಿದ್ದು. ಇದೇ ಮಾಲು ಹತ್ತು ಇಂಚಿನಲ್ಲೂ ಇದೆ. ಲೆಕ್ಕ ಸುಲಭವಾಗಲಿ ಅಂತ ಅಂಕಿಗಳನ್ನು ನಾನೇ ಇಟ್ಟುಕೊಳ್ಳುತ್ತೇನೆ. ನೀವು ಮನೆಗೆ ಹೋಗಿ ನಿಮ್ಮ ಅಂಕಿ ಹಾಕಿಕೊಳ್ಳಿ. ಮಾರಾಟದ ಬೆಲೆ 1,200 ರೂಪಾಯಿ. ಮಾಲಿನ ಖರ್ಚು, ಅಮೆಜಾನ್ ಕಮಿಷನ್, ಸಾಗಣೆ, ಜಿಎಸ್‌ಟಿ ಎಲ್ಲಾ ಕಳೆದು ಕೈಯಲ್ಲಿ ಉಳಿಯುವುದು 240. ಒಂದು ಕ್ಲಿಕ್ಕಿಗೆ 12 ರೂಪಾಯಿ ಕೊಡುತ್ತಿದ್ದೀರಿ.

ಇನ್ನೂರ ನಲವತ್ತನ್ನು ಹನ್ನೆರಡರಿಂದ ಭಾಗಿಸಿ. ಇಪ್ಪತ್ತು ಬರುತ್ತದೆ. ಇಪ್ಪತ್ತು ಕ್ಲಿಕ್ಕಿಗೆ ಒಂದು ಆರ್ಡರ್ ಬಂದರೆ ಲಾಭವೂ ಇಲ್ಲ, ನಷ್ಟವೂ ಇಲ್ಲ. ನಿಮ್ಮ ಮಾಲಿಗೆ ಈ ಸಂಖ್ಯೆ ಎಷ್ಟು ಅಂತ ಒಂದು ಚೀಟಿಯಲ್ಲಿ ಬರೆದು ಮೇಜಿನ ಮುಂದೆ ಅಂಟಿಸಿಕೊಳ್ಳಿ. ಎಲ್ಲ ನಿರ್ಧಾರವೂ ಇದರ ಮೇಲೆ ನಿಂತಿದೆ.

ಈಗ ಸರ್ಚ್ ಟರ್ಮ್ ರಿಪೋರ್ಟ್ ತೆಗೆಯಿರಿ. ಕೀವರ್ಡ್ ರಿಪೋರ್ಟ್ ಅಲ್ಲ, ಸರ್ಚ್ ಟರ್ಮ್ ರಿಪೋರ್ಟ್. ಕೀವರ್ಡ್ ಅಂದರೆ ನೀವು ಹಾಕಿದ ಪದ. ಸರ್ಚ್ ಟರ್ಮ್ ಅಂದರೆ ಗಿರಾಕಿ ನಿಜವಾಗಿ ಟೈಪ್ ಮಾಡಿದ್ದು. ನೀವು ಬ್ರಾಡ್ ಮ್ಯಾಚ್‌ನಲ್ಲಿ, ಅಂದರೆ ಹತ್ತಿರದ ಪದಗಳಿಗೂ ಜಾಹೀರಾತು ಹೋಗುವ ಹಾಗೆ, `dosa tawa` ಅಂತ ಒಂದೇ ಕೀವರ್ಡ್ ಹಾಕಿರಬಹುದು. ಅದರ ಹೆಸರಿನಲ್ಲಿ ಬಂದ ಗಿರಾಕಿಗಳು ಹತ್ತಾರು ಥರದ ಪದ ಟೈಪ್ ಮಾಡಿರುತ್ತಾರೆ. ಆಟೋಮ್ಯಾಟಿಕ್ ಕ್ಯಾಂಪೇನ್ ಆದರೆ ಪದಗಳನ್ನು ಆರಿಸುವುದು ಅಮೆಜಾನ್, ಅದೂ ನಿಮ್ಮ ಲಿಸ್ಟಿಂಗ್ ಓದಿಕೊಂಡು. ಈ ಮಾತು ನೆನಪಿರಲಿ, ಮುಂದೆ ಬೇಕಾಗುತ್ತದೆ.

ಒಂದು ತಿಂಗಳ ರಿಪೋರ್ಟ್ ಹೀಗಿದೆ ಅಂದುಕೊಳ್ಳಿ.

```
search term                  clicks  orders
dosa tawa                      200      8
induction dosa tawa             75      1
cast iron dosa tawa 12 inch     60      6
non stick dosa tawa             50      0
dosa kallu                      18      2
```

ಒಟ್ಟು 403 ಕ್ಲಿಕ್, 17 ಆರ್ಡರ್. ಒಂದು ಆರ್ಡರಿಗೆ ಜಾಹೀರಾತಿನ ಖರ್ಚು ಸುಮಾರು 284 ರೂಪಾಯಿ. ಕೈಯಲ್ಲಿ ಉಳಿಯುವುದು 240. ಅಂದರೆ ಪ್ರತಿ ಆರ್ಡರಿಗೂ 44 ರೂಪಾಯಿ ಕೈಬಿಡುತ್ತಿದೆ. ಇಷ್ಟನ್ನೇ ನೋಡಿ ಎಲ್ಲ ಬಿಡ್ ಒಟ್ಟಿಗೆ ಇಳಿಸಿದರೆ ಏನಾಗುತ್ತದೆ? ಮೂರನೇ ಸಾಲು ನೋಡಿ. ಅಲ್ಲಿ ಹತ್ತು ಕ್ಲಿಕ್ಕಿಗೆ ಒಂದು ಆರ್ಡರ್ ಬರುತ್ತಿದೆ. ಆರ್ಡರಿಗೆ 120 ಖರ್ಚು, 120 ಉಳಿಕೆ. ಬಿಡ್ ಇಳಿದರೆ ಆ ಪದದಲ್ಲೂ ನೀವು ಹಿಂದೆ ಬೀಳುತ್ತೀರಿ. ಚೆನ್ನಾಗಿ ಓಡುತ್ತಿದ್ದ ಸಾಲಿಗೂ ಪೆಟ್ಟು ಬೀಳುತ್ತದೆ. ಅದಕ್ಕೇ ಸರಾಸರಿ ನೋಡಬೇಡಿ, ಸಾಲು ಸಾಲಾಗಿ ನೋಡಿ.

ಮೊದಲು `non stick dosa tawa` ತೆಗೆದುಕೊಳ್ಳೋಣ. ಐವತ್ತು ಕ್ಲಿಕ್, 600 ರೂಪಾಯಿ, ಆರ್ಡರ್ ಸೊನ್ನೆ. ಈ ಗಿರಾಕಿಗೆ ಬೇಕಿರುವುದು ಲೇಪನ ಇರುವ ಹಗುರ ತವಾ. ನಮ್ಮಲ್ಲಿ ಅದು ಇಲ್ಲ. ಹಾಗಿದ್ದರೆ ನಮ್ಮ ಕಾವಲಿ ಅವರ ಮುಂದೆ ಹೋಗಿ ನಿಂತದ್ದು ಹೇಗೆ, ಅವರು ಕ್ಲಿಕ್ ಮಾಡಿದ್ದು ಯಾಕೆ? ಲಿಸ್ಟಿಂಗ್‌ನ ಶೀರ್ಷಿಕೆ ಓದಿ ನೋಡಿ.

```
Premium Heavy Duty Kitchen Cookware Natural Non-Stick Tawa
for Dosa Roti Chapati Paratha Pancake
```

ಇಂಥ ಶೀರ್ಷಿಕೆಗಳನ್ನು ನೀವೆಲ್ಲ ನೋಡಿದ್ದೀರಿ, ಅಲ್ವಾ? ಬರೆದವರ ಉದ್ದೇಶ ಕೆಟ್ಟದ್ದಲ್ಲ. ಚೆನ್ನಾಗಿ ಪಳಗಿದ ಬೀಡಿಗೆ ದೋಸೆ ಅಂಟುವುದಿಲ್ಲ, ಅದು ನಿಜ. ಆದರೆ ಆಟೋಮ್ಯಾಟಿಕ್ ಕ್ಯಾಂಪೇನ್ ಲಿಸ್ಟಿಂಗ್ ಓದುತ್ತದೆ ಅಂದೆನಲ್ಲ, ಅದಕ್ಕೆ ಇಲ್ಲಿ ನಾನ್‌ಸ್ಟಿಕ್ ಅನ್ನುವುದು ಸಿಕ್ಕಿತು. ಗಿರಾಕಿಗೂ ಅದೇ ಕಂಡಿತು. ಕಾಸ್ಟ್ ಐರನ್ ಅನ್ನುವ ಮಾತು ಆ ಸಾಲಿನಲ್ಲಿ ಎಲ್ಲೂ ಇಲ್ಲ. ಒಳಗೆ ಬಂದ ಮೇಲೆ ಎರಡೂವರೆ ಕಿಲೋ ಕಬ್ಬಿಣ ನೋಡಿ ಹಿಂದಕ್ಕೆ ಹೋಗುತ್ತಾರೆ. ಅಷ್ಟರಲ್ಲಿ ನಿಮ್ಮ ಹನ್ನೆರಡು ರೂಪಾಯಿ ಖರ್ಚಾಗಿದೆ.

ಹಾಗಾಗಿ ಇಲ್ಲಿ ಎರಡು ಕಡೆ ಕೈ ಹಾಕಬೇಕು. ಶೀರ್ಷಿಕೆಯಿಂದ ಆ ಪದ ತೆಗೆಯಿರಿ. ಕೆಳಗಿನ ಬುಲೆಟ್‌ಗಳಲ್ಲಿ ಒಂದು ಕಡೆ ನೇರವಾಗಿ ಬರೆಯಿರಿ: ಯಾವ ಲೇಪನವೂ ಇಲ್ಲ, ಎಣ್ಣೆಯಲ್ಲಿ ಪಳಗಿಸಿದ್ದು, ಬಳಸಿದಷ್ಟೂ ದೋಸೆ ಸಲೀಸಾಗಿ ಏಳುತ್ತದೆ. ಇನ್ನೊಂದು ಕಡೆ ಕ್ಯಾಂಪೇನ್‌ನಲ್ಲಿ ನೆಗೆಟಿವ್ ಫ್ರೇಸ್ ಆಗಿ `non stick` ಹಾಕಿ, ಆ ಮಾತು ಇರುವ ಯಾವ ಹುಡುಕಾಟಕ್ಕೂ ಆಗ ಜಾಹೀರಾತು ಹೋಗುವುದಿಲ್ಲ. ಅಷ್ಟೇ ಹಾಕಿ ಸುಮ್ನೆ ಕೂರಬೇಡಿ. ಎಷ್ಟೋ ಜನ ಕೂಡಿಸಿ `nonstick` ಅಂತ ಟೈಪ್ ಮಾಡುತ್ತಾರೆ, ಅದನ್ನೂ ಬೇರೆಯಾಗಿ ಸೇರಿಸಿ. ಹಾಕುವ ಮೊದಲು ರಿಪೋರ್ಟಿನಲ್ಲಿ ಒಂದು ಸಲ ಹುಡುಕಿ, `cast iron tawa non stick` ಥರದ ಪದಕ್ಕೆ ಆರ್ಡರ್ ಬಂದಿದೆಯಾ ಅಂತ. ಬಂದಿದ್ದರೆ ಫ್ರೇಸ್ ಬೇಡ, ಅದು ಈ ಆರ್ಡರನ್ನೂ ತಡೆಯುತ್ತದೆ. ಆಗ `non stick dosa tawa` ಅನ್ನುವ ಪೂರ್ತಿ ಪದವನ್ನು ನೆಗೆಟಿವ್ ಎಗ್ಸಾಕ್ಟ್ ಆಗಿ ಹಾಕಿ, ಅದು ಆ ಹುಡುಕಾಟ ಒಂದನ್ನೇ ತಡೆಯುತ್ತದೆ.

ಇಲ್ಲಿ ಒಂದು ಪ್ರಶ್ನೆ ಯಾವಾಗಲೂ ಬರುತ್ತದೆ. ಎಷ್ಟು ಕ್ಲಿಕ್ ಆದ ಮೇಲೆ ಒಂದು ಪದ ಕೆಲಸಕ್ಕೆ ಬರುವುದಿಲ್ಲ ಅಂತ ತೀರ್ಮಾನಿಸಬೇಕು? ಅವಸರ ಮಾಡಬೇಡಿ. ಒಂದು ಪದ ನಿಜವಾಗಿಯೂ ಇಪ್ಪತ್ತು ಕ್ಲಿಕ್ಕಿಗೆ ಸರಾಸರಿ ಒಂದು ಆರ್ಡರ್ ಕೊಡುವಂಥದ್ದೇ ಆಗಿದ್ದರೂ, ಇಪ್ಪತ್ತು ಕ್ಲಿಕ್ ಒಂದೂ ಆರ್ಡರ್ ಇಲ್ಲದೆ ಕಳೆಯುವ ಸಾಧ್ಯತೆ ಮೂರರಲ್ಲಿ ಒಂದಕ್ಕಿಂತ ಸ್ವಲ್ಪ ಜಾಸ್ತಿ. ನಲವತ್ತು ಕ್ಲಿಕ್ಕಿಗೆ ಅದು ಶೇಕಡಾ 13ರಷ್ಟು. ಅರವತ್ತಕ್ಕೆ ಶೇಕಡಾ 5ಕ್ಕಿಂತ ಕಡಿಮೆ. ಹತ್ತು ಹನ್ನೆರಡು ಕ್ಲಿಕ್ ನೋಡಿ ಪದ ಕೊಲ್ಲುವವರು ಒಳ್ಳೆಯ ಪದಗಳನ್ನೂ ಕೊಲ್ಲುತ್ತಿದ್ದಾರೆ. ನಾನು ಅನುಮಾನ ಇರುವ ಪದಕ್ಕೆ ನಷ್ಟವಾಗದ ಸಂಖ್ಯೆಯ ಎರಡು ಮೂರು ಪಟ್ಟು ಕ್ಲಿಕ್ ಆಗುವವರೆಗೆ ಕಾಯುತ್ತೇನೆ. ಆದರೆ ಮಾಲೇ ಬೇರೆ ಅಂತ ಓದಿದ ಕೂಡಲೇ ಗೊತ್ತಾಗುವ ಪದಕ್ಕೆ, ಈ ನಾನ್‌ಸ್ಟಿಕ್ ಥರದ್ದಕ್ಕೆ, ಯಾವ ಲೆಕ್ಕವೂ ಬೇಡ. ಮೊದಲ ಕ್ಲಿಕ್ಕಿಗೇ ತೆಗೆಯಬಹುದು.

ಮುಂದಿನದು `induction dosa tawa`. ನನ್ನ ಮಟ್ಟಿಗೆ ಇಡೀ ರಿಪೋರ್ಟಿನಲ್ಲಿ ಹೆಚ್ಚು ಯೋಚನೆ ಬೇಡುವ ಸಾಲು ಇದು. ಎಪ್ಪತ್ತೈದು ಕ್ಲಿಕ್, 900 ರೂಪಾಯಿ, ಒಂದೇ ಆರ್ಡರ್. ಅಂಕಿ ಮಾತ್ರ ನೋಡಿದರೆ ಇದನ್ನೂ ನೆಗೆಟಿವ್‌ಗೆ ತಳ್ಳಬೇಕು ಅನಿಸುತ್ತದೆ. ತಾಳಿ. ಬೀಡು ಕಬ್ಬಿಣ, ಅಯಸ್ಕಾಂತ ಅಂಟುತ್ತದೆ, ತಳ ಚಪ್ಪಟೆ. ಇಂಡಕ್ಷನ್ ಒಲೆ ಮೇಲೆ ಇದು ಕಾಯುತ್ತದೆ. ಅಂದರೆ ಗಿರಾಕಿ ಕೇಳಿದ್ದು ನಮ್ಮ ಹತ್ತಿರ ಇದೆ. ಆದರೂ ಆತ ಕೊಳ್ಳದೆ ಹೋದ. ಯಾಕೆ?

ಪುಟವನ್ನು ಆ ಗಿರಾಕಿಯ ಕಣ್ಣಿನಲ್ಲಿ ನೋಡಿ. ಶೀರ್ಷಿಕೆಯಲ್ಲಿ ಇಂಡಕ್ಷನ್ ಇಲ್ಲ. ಏಳು ಫೋಟೋಗಳಲ್ಲಿ ಎಲ್ಲಾ ಕಡೆ ಗ್ಯಾಸ್ ಒಲೆಯೇ. ತಳದ ಫೋಟೋ ಇಲ್ಲ. ಬುಲೆಟ್‌ಗಳಲ್ಲಿ ಐದನೆಯದರ ಕೊನೆಗೆ ಎಲ್ಲೋ ಒಂದು ಪದ ಇದೆ, ಮೊಬೈಲ್‌ನಲ್ಲಿ ಅಲ್ಲಿಯವರೆಗೆ ಯಾರು ಇಳಿಯುತ್ತಾರೆ? ಪಾತ್ರೆ ಅಂಗಡಿಗೆ ಹೋಗಿ "ಇದು ಇಂಡಕ್ಷನ್ ಮೇಲೆ ಇಡಬಹುದಾ?" ಅಂತ ಕೇಳಿದಾಗ ಅಂಗಡಿಯವರು ಮಾತಾಡದೆ ಗ್ಯಾಸ್ ಒಲೆಯ ಫೋಟೋ ತೋರಿಸಿದರೆ ಹೇಗಿರುತ್ತದೋ ಹಾಗಿದೆ ಇದು. ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಾನೆ.

ಶೀರ್ಷಿಕೆ ಹೀಗಾಗಲಿ. ಬ್ರ್ಯಾಂಡ್ ಹೆಸರು ಇದರ ಮುಂದೆ ಬರುತ್ತದೆ.

```
Cast Iron Dosa Tawa 12 inch / 30 cm, Pre-Seasoned,
Gas and Induction, Double Handle
```

ಮೊಬೈಲ್‌ನಲ್ಲಿ ಹುಡುಕಿದಾಗ ಉದ್ದ ಶೀರ್ಷಿಕೆ ಅರ್ಧಕ್ಕೇ ಕತ್ತರಿಸಿ ಹೋಗುತ್ತದೆ. ಅದಕ್ಕೇ ಏನು ಮಾಲು, ಎಷ್ಟು ದೊಡ್ಡದು ಅನ್ನುವುದು ಮೊದಲು. ಪ್ರೀಮಿಯಂ, ಹೆವಿ ಡ್ಯೂಟಿ ಇವನ್ನು ಯಾರೂ ಹುಡುಕಿ ಬರುವುದಿಲ್ಲ, ಅವು ಜಾಗ ತಿನ್ನುತ್ತವೆ. ಎರಡನೇ ಫೋಟೋ ಕಾವಲಿಯ ಚಪ್ಪಟೆ ತಳದ್ದಿರಲಿ, ಮೂರನೆಯದರಲ್ಲಿ ಇಂಡಕ್ಷನ್ ಒಲೆ ಮೇಲೆ ದೋಸೆ ಹುಯ್ಯುತ್ತಿರಲಿ. ಮೊದಲ ಫೋಟೋದಲ್ಲಿ ಮಾತ್ರ ಏನೂ ಬರೆಯುವ ಹಾಗಿಲ್ಲ. ಬಿಳಿ ಹಿನ್ನೆಲೆ, ಮಾಲು, ಅಷ್ಟೇ, ಅದು ನಿಯಮ.

ಈಗ ಸತ್ಯ ಹೇಳುವ ವಿಷಯಕ್ಕೆ ಬರೋಣ. ಮನೆಯ ಇಂಡಕ್ಷನ್ ಒಲೆಯ ಕಾಯಿಲ್ ಹನ್ನೆರಡು ಇಂಚಿನ ಕಾವಲಿಗಿಂತ ಸಣ್ಣದು. ಬೀಡು ಶಾಖವನ್ನು ಪಕ್ಕಕ್ಕೆ ಬೇಗ ಹರಡುವ ಲೋಹವಲ್ಲ. ನಡುವೆ ಕೆಂಪಗಾಗುವ ಹೊತ್ತಿಗೆ ದೋಸೆಯ ಅಂಚು ಇನ್ನೂ ಬಿಳಿಯಾಗಿರುತ್ತದೆ. ಮನೆಯಲ್ಲಿ ಮಾಡಿದವರಿಗೆ ಇದು ಗೊತ್ತು, ಸಣ್ಣ ಉರಿಯಲ್ಲಿ ನಿಧಾನಕ್ಕೆ ಕಾಯಿಸಿದರೆ ಸ್ವಲ್ಪ ಸರಿಹೋಗುತ್ತದೆ. ಇದನ್ನು ಮುಚ್ಚಿಟ್ಟು ಇಂಡಕ್ಷನ್ ಅಂತ ದೊಡ್ಡದಾಗಿ ಬರೆದರೆ ಆರ್ಡರ್ ಬರುತ್ತದೆ, ಅದರ ಹಿಂದೆ ಒಂದು ಸ್ಟಾರ್‌ನ ವಿಮರ್ಶೆಯೂ ಬರುತ್ತದೆ. ಆ ಸ್ಟಾರ್ ಆಮೇಲೆ ಎಲ್ಲ ಹುಡುಕಾಟದಲ್ಲೂ ನಿಮ್ಮ ಜಾಹೀರಾತಿನ ಜೊತೆ ಕಾಣುತ್ತದೆ.

ದಾರಿ ಇದೆ. ಆ ಒಂದು ಆರ್ಡರ್ ಬಂತಲ್ಲ, ಅದು ಯಾವ ಮಾಲಿಗೆ ಬಂತು ಅಂತ ನೋಡಿ. ರಿಪೋರ್ಟಿನ ಕೊನೆಗೆ `7 Day Advertised SKU Units` ಮತ್ತು `7 Day Other SKU Units` ಅಂತ ಎರಡು ಕಾಲಂ ಇರುತ್ತವೆ. ಹೆಚ್ಚಿನವರು ಅಲ್ಲಿಯವರೆಗೆ ಸರಿಸಿ ನೋಡುವುದೇ ಇಲ್ಲ. ಮೊದಲನೆಯದು ನೀವು ತೋರಿಸಿದ ಮಾಲೇ ಮಾರಾಟವಾದದ್ದು. ಎರಡನೆಯದು ಕ್ಲಿಕ್ ಮಾಡಿದ್ದು ಒಂದು, ಕೊಂಡದ್ದು ನಿಮ್ಮದೇ ಇನ್ನೊಂದು. ನಮ್ಮ ಉದಾಹರಣೆಯಲ್ಲಿ ಆ ಆರ್ಡರ್ ಎರಡನೇ ಕಾಲಂನಲ್ಲಿದೆ ಅಂದುಕೊಳ್ಳಿ. ಗಿರಾಕಿ ಹನ್ನೆರಡು ಇಂಚಿನದ್ದನ್ನು ಒತ್ತಿ ಒಳಗೆ ಬಂದು, ಹತ್ತು ಇಂಚಿನದ್ದನ್ನು ಆರಿಸಿಕೊಂಡಿದ್ದಾನೆ. ಒಂದೇ ಆರ್ಡರಿನಿಂದ ಏನೂ ಸಾಬೀತಾಗುವುದಿಲ್ಲ, ಆದರೆ ಕಾಯಿಲ್ ಅಳತೆ ಹೇಳುವುದೂ ಅದನ್ನೇ. ಇಂಡಕ್ಷನ್ ಇರುವವನಿಗೆ ಸಣ್ಣದೇ ಒಗ್ಗುತ್ತದೆ.

ಹಾಗಾದರೆ ಆ ಪದವನ್ನು ಬೇರೆ ಕ್ಯಾಂಪೇನಿಗೆ ತೆಗೆದುಕೊಂಡು ಹೋಗಿ. ಎಗ್ಸಾಕ್ಟ್ ಮ್ಯಾಚ್‌ನಲ್ಲಿ `induction dosa tawa` ಹಾಕಿ, ಜಾಹೀರಾತಿಗೆ ಹತ್ತು ಇಂಚಿನ ಮಾಲು ಮಾತ್ರ ಇಡಿ. ಹಳೆಯ ಕ್ಯಾಂಪೇನ್‌ನಲ್ಲಿ ಅದೇ ಪದವನ್ನು ನೆಗೆಟಿವ್ ಎಗ್ಸಾಕ್ಟ್ ಮಾಡಿ. ಇಲ್ಲದಿದ್ದರೆ ಎರಡು ಕಡೆಯಿಂದಲೂ ಅದೇ ಪದಕ್ಕೆ ಖರ್ಚಾಗುತ್ತದೆ, ಯಾವುದರ ಫಲಿತಾಂಶ ಯಾವುದು ಅಂತ ತಿಳಿಯುವುದಿಲ್ಲ. ಅಳತೆ ಬೇರೆ ಬೇರೆ ಇರುವ ಯಾವ ಮಾಲಿಗೂ ಈ ಮಾತು ಹೊಂದುತ್ತದೆ. `12 inch` ಅಂತ ಹುಡುಕಿದವನಿಗೆ ಹತ್ತು ಇಂಚಿನ ಫೋಟೋ, ಬೆಲೆ ತೋರಿಸಿ, ಒಳಗೆ ಬಂದು ಬದಲಾಯಿಸಿಕೊಳ್ಳಲಿ ಅಂತ ಬಿಡುವವರು ಇದ್ದಾರೆ. ಒಳಗೆ ಬಂದ ಮೇಲೆ ಬೆಲೆ ಏರಿದ್ದು ನೋಡಿದರೆ ಯಾರಿಗೂ ಹಿತವಾಗುವುದಿಲ್ಲ.

ಇನ್ನು `dosa tawa`. ಬರೀ ಎರಡು ಪದ, ಇನ್ನೂರು ಕ್ಲಿಕ್, ಎಂಟು ಆರ್ಡರ್. ಇಪ್ಪತ್ತೈದು ಕ್ಲಿಕ್ಕಿಗೆ ಒಂದು. ಆರ್ಡರಿಗೆ 300 ಖರ್ಚು, 60 ನಷ್ಟ. ಇಲ್ಲಿ ಬಂದವರಲ್ಲಿ ಎಲ್ಲ ಥರದವರೂ ಇದ್ದಾರೆ. ನಾನ್‌ಸ್ಟಿಕ್ ಬೇಕಾದವರು, ತೆಳು ಕಬ್ಬಿಣದ ತಗಡಿನದ್ದು ಬೇಕಾದವರು, ಇನ್ನೂ ತೀರ್ಮಾನ ಮಾಡದವರು. ಇಂಥ ಪದದಲ್ಲಿ ನಿಮ್ಮ ಕೆಲಸ ಕ್ಲಿಕ್ ಹೆಚ್ಚಿಸುವುದಲ್ಲ. ಬೇಡದವರು ಕ್ಲಿಕ್ ಮಾಡದಂತೆ ನೋಡಿಕೊಳ್ಳುವುದು. ಕೇಳಲು ವಿಚಿತ್ರ ಅನಿಸಬಹುದು, ಆದರೆ ಹುಡುಕಾಟದ ಪುಟದಲ್ಲೇ ಕಾಸ್ಟ್ ಐರನ್ ಅಂತ ಓದಿ ಮುಂದೆ ಹೋದವನಿಂದ ನಿಮಗೆ ಒಂದು ಪೈಸೆ ಖರ್ಚಿಲ್ಲ. ಮೊದಲ ಫೋಟೋವನ್ನು ಸ್ವಲ್ಪ ಓರೆಯಾಗಿ ತೆಗೆಸಿ, ಅಂಚಿನ ದಪ್ಪ, ಬೀಡಿನ ತರಿ ಕಾಣಲಿ. ನೇರ ಮೇಲಿಂದ ತೆಗೆದ ಫೋಟೋದಲ್ಲಿ ಬೀಡೂ ನಾನ್‌ಸ್ಟಿಕ್ಕೂ ಎರಡೂ ಒಂದೇ ಕಪ್ಪು ತಟ್ಟೆ. ಇದಾದ ಮೇಲೆ ಕ್ಲಿಕ್ ಪ್ರಮಾಣ ಇಳಿದರೆ ಗಾಬರಿ ಬೇಡ. ಒಂದು ಆರ್ಡರಿಗೆ ಎಷ್ಟು ಕ್ಲಿಕ್ ಬೇಕಾಯಿತು ಅನ್ನುವುದನ್ನು ನೋಡಿ.

ಅಲ್ಲಿಯವರೆಗೆ ಬಿಡ್ ಎಷ್ಟಿರಬೇಕು? ಉಳಿಯುವ 240 ರೂಪಾಯಿಯನ್ನು ಇಪ್ಪತ್ತೈದರಿಂದ ಭಾಗಿಸಿ, 9 ರೂಪಾಯಿ 60 ಪೈಸೆ. ಈ ಪದಕ್ಕೆ ಅದಕ್ಕಿಂತ ಜಾಸ್ತಿ ಕೊಟ್ಟರೆ ಕೈಯಿಂದ ಹಾಕುತ್ತಿದ್ದೀರಿ ಅಂತ ಅರ್ಥ. ಮೂರನೇ ಸಾಲಿನ `cast iron dosa tawa 12 inch` ಗೆ ಹತ್ತೇ ಕ್ಲಿಕ್ ಸಾಕಾಗಿದೆ, ಅಲ್ಲಿ ಬೇಕಾದರೆ ಬಿಡ್ ಏರಿಸಿ. ಅಂದಹಾಗೆ ನಾನ್‌ಸ್ಟಿಕ್ ಮತ್ತು ಇಂಡಕ್ಷನ್ ಎರಡು ಸಾಲು ಈ ಕ್ಯಾಂಪೇನಿನಿಂದ ಹೊರಗೆ ಹೋದರೆ ಉಳಿಯುವುದು 278 ಕ್ಲಿಕ್, 16 ಆರ್ಡರ್. ಆರ್ಡರಿಗೆ ಸುಮಾರು 209 ರೂಪಾಯಿ. ಒಂದು ಬಿಡ್ ಕೂಡ ಇಳಿಸದೆ ಕ್ಯಾಂಪೇನ್ ನಷ್ಟದಿಂದ ಲಾಭಕ್ಕೆ ಬಂತು.

ಕೊನೆಯ ಸಾಲು ನನಗೆ ಇಷ್ಟವಾದದ್ದು, `dosa kallu`. ಇದು ಜಾಸ್ತಿ ತಮಿಳು ಮಾತಾಡುವವರ ಬಾಯಲ್ಲಿರುವ ಪದ. ನಮ್ಮಲ್ಲೂ ಕೆಲವು ಕಡೆ ದೋಸೆ ಕಲ್ಲು ಅನ್ನುತ್ತಾರೆ. ನಾವು ಕಾವಲಿ ಅನ್ನುತ್ತೇವೆ, ಹೆಂಚು ಅನ್ನುತ್ತೇವೆ. ಈ ಪದ ಟೈಪ್ ಮಾಡುವವರಿಗೆ ನಾನ್‌ಸ್ಟಿಕ್ ಬೇಡ, ತಮ್ಮ ಮನೆಯಲ್ಲಿ ಕಂಡ ಆ ದಪ್ಪ ಕಬ್ಬಿಣವೇ ಬೇಕು. ಹದಿನೆಂಟು ಕ್ಲಿಕ್ಕಿಗೆ ಎರಡು ಆರ್ಡರ್, ಸಂಖ್ಯೆ ಸಣ್ಣದು, ಇನ್ನೂ ಕಾದು ನೋಡಬೇಕು. ಆದರೆ ಒಮ್ಮೆ ಪುಟವನ್ನು ಹುಡುಕಿ ನೋಡಿ, `kallu` ಅನ್ನುವ ಪದ ಲಿಸ್ಟಿಂಗ್‌ನಲ್ಲಿ ಎಲ್ಲಾದರೂ ಇದೆಯಾ? ಶೀರ್ಷಿಕೆಗೆ ತುರುಕುವುದು ಬೇಡ. ಒಂದು ಬುಲೆಟ್‌ನಲ್ಲಿ ಸಹಜವಾಗಿ ಬರಲಿ. `kavali`, `dose kavali`, `dosa kal` ಇಂಥವನ್ನು ಗಿರಾಕಿಗೆ ಕಾಣದ ಸರ್ಚ್ ಟರ್ಮ್ಸ್ ಜಾಗದಲ್ಲಿ ಹಾಕಿ. ಅಲ್ಲಿನ ಮಿತಿ ಬೈಟ್ ಲೆಕ್ಕದಲ್ಲಿದೆ. ಕನ್ನಡ ಲಿಪಿಯ ಒಂದೊಂದು ಅಕ್ಷರ ಚಿಹ್ನೆಗೂ ಮೂರು ಬೈಟ್ ಹೋಗುತ್ತದೆ. ಕಾವಲಿ ಅಂತ ಕನ್ನಡದಲ್ಲಿ ಬರೆದರೆ ದೀರ್ಘ, ಗುಡಿಸು ಸೇರಿ ಐದು ಚಿಹ್ನೆ, ಹದಿನೈದು ಬೈಟ್. ಇಂಗ್ಲಿಷ್ ಅಕ್ಷರದಲ್ಲಿ ಆರು. ಹಾಗಾಗಿ ಎಲ್ಲವನ್ನೂ ಎರಡೂ ಲಿಪಿಯಲ್ಲಿ ಹಾಕಲು ಜಾಗ ಸಾಲುವುದಿಲ್ಲ, ಆರಿಸಿಕೊಳ್ಳಬೇಕು. ಇನ್ನೊಂದು ಮಾತು. ಅಮೆಜಾನ್ ಆ್ಯಪ್ 2020ರಿಂದ ಕನ್ನಡದಲ್ಲೂ ಇದೆ. ಭಾಷೆ ಬದಲಾಯಿಸಿ ನಿಮ್ಮದೇ ಪುಟವನ್ನು ಒಮ್ಮೆ ಓದಿ. ನೀವು ಇಂಗ್ಲಿಷಿನಲ್ಲಿ ಬರೆದದ್ದು ಅಲ್ಲಿ ಹೇಗೆ ಕಾಣುತ್ತಿದೆ ಅಂತ ನಿಮಗಾದರೂ ಗೊತ್ತಿರಲಿ.

ಒಬ್ಬರು ಚೀಟಿಯಲ್ಲಿ ಕೇಳಿದ್ದಾರೆ, "ಎಲ್ಲ ಬದಲಾವಣೆ ಒಂದೇ ದಿನ ಮಾಡಬಹುದಾ?" ನೆಗೆಟಿವ್ ಕೀವರ್ಡ್‌ಗಳನ್ನು ಇವತ್ತೇ ಹಾಕಿ. ಆದರೆ ಶೀರ್ಷಿಕೆ, ಫೋಟೋ, ಬೆಲೆ ಮೂರನ್ನೂ ಒಟ್ಟಿಗೆ ಮುಟ್ಟಬೇಡಿ. ಯಾವುದರಿಂದ ಏನಾಯಿತು ಅಂತ ತಿಳಿಯುವುದಿಲ್ಲ. ಕ್ಲಿಕ್ ಮಾಡಿದ ಗಿರಾಕಿ ಏಳು ದಿನದೊಳಗೆ ಕೊಂಡರೆ ಅದು ಆ ಕ್ಲಿಕ್ಕಿನ ಲೆಕ್ಕಕ್ಕೆ ಬರುತ್ತದೆ. ಹಾಗಾಗಿ ಕಳೆದ ವಾರದ ಕ್ಲಿಕ್ ಪೂರ್ತಿ ಕಾಣುತ್ತದೆ, ಅದರ ಆರ್ಡರ್ ಪೂರ್ತಿ ಕಾಣುವುದಿಲ್ಲ. ಸೋಮವಾರ ಶೀರ್ಷಿಕೆ ಬದಲಿಸಿ ಗುರುವಾರ ರಿಪೋರ್ಟ್ ನೋಡಿ ಬೇಸರ ಮಾಡಿಕೊಳ್ಳುವವರು ಬಹಳ. ಕೊನೆಯ ಏಳು ದಿನ ಬಿಟ್ಟು ಅದರ ಹಿಂದಿನದನ್ನು ಹೋಲಿಸಿ.

ಇನ್ನೊಂದು ಚೀಟಿ: "ಪದ ಸರಿ ಇದೆ, ಪುಟದಲ್ಲಿ ಎಲ್ಲಾ ಬರೆದಿದ್ದೇನೆ, ಆದರೂ ಆರ್ಡರ್ ಇಲ್ಲ." ಆಗ ಕೀವರ್ಡನ್ನು ಬೈಯಬೇಡಿ. ಅದೇ ಪದವನ್ನು ನೀವೇ ಟೈಪ್ ಮಾಡಿ, ನಿಮ್ಮ ಪಕ್ಕ ಯಾರು ನಿಂತಿದ್ದಾರೆ ನೋಡಿ. ಜಾಹೀರಾತಿನ ಮೇಲೆ ಮಾತ್ರ ಒತ್ತಬೇಡಿ, ನಿಮ್ಮದೇ ದುಡ್ಡು ಹೋಗುತ್ತದೆ. ಅದೇ ಅಳತೆಯ ಬೀಡಿನ ಕಾವಲಿ 900ಕ್ಕೆ, ನಿಮಗಿಂತ ಹೆಚ್ಚು ಸ್ಟಾರ್ ಇಟ್ಟುಕೊಂಡು, ನಾಳೆಯೇ ತಲುಪಿಸುತ್ತೇನೆ ಅಂತ ನಿಂತಿದ್ದರೆ ಯಾವ ಶೀರ್ಷಿಕೆಯೂ ಸಹಾಯ ಮಾಡುವುದಿಲ್ಲ. ಅದು ಬೆಲೆ ಮತ್ತು ಸಾಗಣೆಯ ಪ್ರಶ್ನೆ.

ಕೊನೆಗೆ, ಜಾಹೀರಾತಿನ ರಿಪೋರ್ಟಿನಲ್ಲಿ ಕಾಣದ ಒಂದು ಖರ್ಚು ಇದೆ. ವಾಪಸ್ ಬಂದ ಮಾಲು. ಆ ಆರ್ಡರ್ ರಿಪೋರ್ಟಿನಲ್ಲಿ ಮಾರಾಟವಾಗಿಯೇ ಕೂತಿರುತ್ತದೆ. ಹೋಗಿ ಬರುವ ಸಾಗಣೆ ಎರಡೂವರೆ ಕಿಲೋ ಕಬ್ಬಿಣಕ್ಕೆ ಸಣ್ಣದಲ್ಲ. ರಿಟರ್ನ್ಸ್ ರಿಪೋರ್ಟಿನಲ್ಲಿ ಗಿರಾಕಿಗಳು ಬರೆದ ಮಾತು ಓದಿ. ಕಾವಲಿಯಲ್ಲಿ ಬರುವ ದೂರು ಮುಖ್ಯವಾಗಿ ಎರಡು. ಒಂದು, ತುಕ್ಕು. ತೊಳೆದು ಒರೆಸಿ ಎಣ್ಣೆ ಸವರಬೇಕು ಅನ್ನುವುದನ್ನು ಬುಲೆಟ್‌ನಲ್ಲೇ ಹೇಳಿ, ಅದು ಬೇಡದವರು ಕೊಳ್ಳುವ ಮೊದಲೇ ಹಿಂದೆ ಸರಿಯಲಿ. ಇನ್ನೊಂದು, ಹನ್ನೆರಡು ಇಂಚು ಅಂದಿರಿ, ದೋಸೆ ಅಷ್ಟು ದೊಡ್ಡದು ಬರುವುದಿಲ್ಲ ಅನ್ನುವುದು. ಹನ್ನೆರಡು ಇಂಚು ಅಂಚಿನಿಂದ ಅಂಚಿಗೆ. ದೋಸೆ ಹುಯ್ಯುವ ಚಪ್ಪಟೆ ಭಾಗ ಅದಕ್ಕಿಂತ ಕಡಿಮೆ. `12 inch` ಅಂತ ಟೈಪ್ ಮಾಡಿ ಬಂದವನಿಗೆ ಇದೇ ಮುಖ್ಯ. ಟೇಪ್ ಹಿಡಿದು ಎರಡೂ ಅಳತೆ ತೆಗೆದು, ಒಂದೇ ಫೋಟೋದಲ್ಲಿ ಎರಡನ್ನೂ ಬರೆದು ನಾಲ್ಕನೇ ಫೋಟೋ ಆಗಿ ಹಾಕಿ.